ಬಿಡುಗಡೆಯ ರಾತ್ರಿಯ ಸಂದೇಶಗಳನ್ನು ಕೃತಜ್ಞತಾ ಪತ್ರವಾಗಿಸಿದ ಬಗೆ

ನಮ್ಮ ಸಂಸ್ಥೆ ಕಿರಾಣಿ ಅಂಗಡಿಗಳಿಗಾಗಿ ಮೊಬೈಲ್‌ನಲ್ಲಿ ನಡೆಯುವ ಬಿಲ್ಲಿಂಗ್ ಆ್ಯಪ್ ತಯಾರಿಸುತ್ತದೆ. ಕನ್ನಡದಲ್ಲೇ ಬಿಲ್ ಮುದ್ರಿಸುವ ಸೌಲಭ್ಯವುಳ್ಳ ಹೊಸ ಆವೃತ್ತಿ ಈಚೆಗೆ ಬಿಡುಗಡೆಯಾದಾಗ, ವಿಭಾಗದ ಮುಖ್ಯಸ್ಥರು ಆ ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿದ ಸಂದೇಶಗಳನ್ನು ನನಗೆ ಕಳುಹಿಸಿ, ಅವುಗಳ ಆಧಾರದ ಮೇಲೆ ಇಡೀ ತಂಡಕ್ಕೆ ಕೃತಜ್ಞತಾ ಪತ್ರವೊಂದನ್ನು ಸಿದ್ಧಪಡಿಸಲು ತಿಳಿಸಿದರು. ಬಿಡುಗಡೆಗಳ ಸಂಯೋಜನೆಯೇ ನನ್ನ ಕೆಲಸವಾದ್ದರಿಂದ ಇಂತಹ ಪತ್ರಗಳು ನನ್ನ ಪಾಲಿಗೆ ಬರುವುದು ವಾಡಿಕೆ. ಅವರು ಕಳುಹಿಸಿದ್ದರಲ್ಲಿ ಮುಖ್ಯವಾದವು ಇವು:

“ಗುರೂ, ಬೆಂಕಿ! ಲೈವ್ ಆಯ್ತು!!”
“ಪ್ರಿಂಟ್ ನೋಡ್ರಪ್ಪಾ, ಒತ್ತಕ್ಷರ ಎಲ್ಲ ಸಖತ್ತಾಗಿ ಬಂದಿದೆ”
“ರೋಲ್‌ಬ್ಯಾಕ್ ಮಾಡಿ ಮಾನ ಉಳಿಸಿದ್ರು, ಟೆಸ್ಟಿಂಗ್ ಮೇಡಂಗೆ ಜೈ”
“ಒಂದೇ ಒಂದು ಬಗ್ ಇಲ್ಲ, ಚಿಂದಿ ಟೀಮ್”
“ನಿದ್ದೆ ಬಿಟ್ಟು ಕೂತವ್ರಿಗೆಲ್ಲ ಸಲಾಂ”

ಈ ಸಂತೋಷ ಸಾಚಾ. ಆದರೆ ಇವುಗಳಲ್ಲಿನ ಆಡುಮಾತನ್ನು ತೆಗೆದು ‘ಅತ್ಯುತ್ತಮ’, ‘ಅಭಿನಂದನಾರ್ಹ’ ಎಂಬಂತಹ ಪದಗಳನ್ನು ಕೂರಿಸಿದರೆ ಸಿಗುವ ಪತ್ರ ಯಾವ ತಂಡಕ್ಕಾದರೂ, ಯಾವ ಬಿಡುಗಡೆಗಾದರೂ ಹೊಂದುತ್ತದೆ. ಹಾಗಾಗಿ ನಾನು ಪ್ರತಿ ಉದ್ಗಾರದ ಹಿಂದೆ ಯಾವ ಕೆಲಸವಿತ್ತು, ಅದನ್ನು ಮಾಡಿದವರು ಯಾರು ಎಂಬುದನ್ನು ಬಿಡುಗಡೆಯ ದಾಖಲೆ ಮತ್ತು ದೂರುಗಳ ಪಟ್ಟಿಯಿಂದ ಹುಡುಕಿ ತೆಗೆದು, ಸಂಬಂಧಪಟ್ಟವರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಬರೆಯಲು ತೊಡಗುತ್ತೇನೆ.

ಒತ್ತಕ್ಷರದ ಮಾತನ್ನೇ ನೋಡೋಣ. ನಮ್ಮ ಗ್ರಾಹಕರ ಬಳಿ ಇರುವ 58 ಮಿಲಿಮೀಟರ್ ಕಾಗದದ ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ಫೋನಿನಲ್ಲೇ ಬಿಲ್ಲನ್ನು ಚಿತ್ರವಾಗಿ ರಚಿಸಿ, ಅಡ್ಡಲಾಗಿ 384 ಚುಕ್ಕೆಗಳ ಅಗಲಕ್ಕೆ ಹೊಂದಿಸಿ, ಬ್ಲೂಟೂತ್ ಮೂಲಕ ಪ್ರಿಂಟರ್‌ಗೆ ಕಳುಹಿಸಬೇಕಾಗುತ್ತದೆ. ಇಂಗ್ಲಿಷ್ ಅಕ್ಷರಗಳಿಗೆಂದು ನಿಗದಿಯಾಗಿದ್ದ ಸಾಲಿನ ಎತ್ತರದಲ್ಲಿ ‘ಅಕ್ಕಿ’, ‘ಎಣ್ಣೆ’, ‘ಸಕ್ಕರೆ’ಗಳ ಒತ್ತು ಕೆಳಗಡೆ ಕತ್ತರಿಸಿಹೋಗುತ್ತಿತ್ತು. ಎತ್ತರ ಹೆಚ್ಚಿಸಿದರೆ ಚಿತ್ರ ದೊಡ್ಡದಾಗಿ, ಪ್ರಿಂಟರ್‌ನ ಕಿರಿದಾದ ಮೆಮೊರಿ ತುಂಬಿ, ಉದ್ದನೆಯ ಬಿಲ್ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಮ್ಮ ಡೆವಲಪರ್ ಒಬ್ಬರು ಸಾಲಿನ ಎತ್ತರವನ್ನು ಕನ್ನಡಕ್ಕೆಂದೇ ಬೇರೆಯಾಗಿ ಲೆಕ್ಕ ಹಾಕಿ, ಚಿತ್ರವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂದೊಂದನ್ನೇ ಕಳುಹಿಸುವ ವ್ಯವಸ್ಥೆ ಮಾಡಿದ್ದರು. ಇದು ಪತ್ರದಲ್ಲಿ ಒಂದೇ ವಾಕ್ಯವಾಗಿ ಬಂದರೂ ಸಾಕು, ಅದನ್ನು ಓದಿದಾಗ ಆ ವ್ಯಕ್ತಿಗೆ ತಾನು ಮಾಡಿದ್ದೇನೆಂಬುದು ಬರೆದವರಿಗೆ ತಿಳಿದಿದೆ ಎಂದು ಅರಿವಾಗುತ್ತದೆ.

ರೋಲ್‌ಬ್ಯಾಕ್ ಕುರಿತ ಸಂದೇಶ ಇನ್ನೊಂದು ಬಗೆಯದು, ಏಕೆಂದರೆ ಅದರಲ್ಲಿ ಹೇಳಿದಂತೆ ಹಳೆಯ ಆವೃತ್ತಿಗೆ ಮರಳುವ ಕೆಲಸ ನಡೆದೇ ಇರಲಿಲ್ಲ. ಹೊಸ ಆವೃತ್ತಿಯನ್ನು ನಾವು ಪ್ಲೇ ಸ್ಟೋರ್ ಮೂಲಕ ಮೊದಲು ಶೇ 5ರಷ್ಟು ಬಳಕೆದಾರರಿಗೆ ಮಾತ್ರ ಕೊಟ್ಟಿದ್ದೆವು. ತೂಕದಲ್ಲಿ ದಶಮಾಂಶವಿದ್ದರೆ ಮುದ್ರಿತ ಮೊತ್ತ ಪರದೆಯ ಮೊತ್ತಕ್ಕಿಂತ ಬೇರೆಯಾಗುತ್ತಿರುವುದನ್ನು ಪರೀಕ್ಷಾ ವಿಭಾಗದ ಸಹೋದ್ಯೋಗಿ ಗಮನಿಸಿ, ಹಂಚಿಕೆಯನ್ನು ಅಲ್ಲಿಗೇ ತಡೆಹಿಡಿಯಲು ಹೇಳಿದರು. ಹಂಚಿಕೆ ತಡೆದರೆ ಹೊಸಬರಿಗೆ ಆ ಆವೃತ್ತಿ ಹೋಗುವುದು ನಿಲ್ಲುತ್ತದೆಯೇ ಹೊರತು, ಈಗಾಗಲೇ ಪಡೆದವರ ಫೋನಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಅವರಿಗೆ ಇನ್ನೂ ಮೇಲಿನ ಸಂಖ್ಯೆಯ ಆವೃತ್ತಿಯೇ ಹೋಗಬೇಕು. ಅದನ್ನು ಅದೇ ರಾತ್ರಿ ಸಿದ್ಧಪಡಿಸಿದವರು ಬೇರೆ ಇಬ್ಬರು, ಗುಂಪಿನ ಸಂದೇಶದಲ್ಲಿ ಅವರ ಸುಳಿವೇ ಇರಲಿಲ್ಲ. ಒಬ್ಬರಿಗೆ ಸಂದ ಜೈಕಾರವನ್ನು ಮೂವರಿಗೆ, ಅವರವರ ಕೆಲಸಕ್ಕೆ ತಕ್ಕಂತೆ, ಹಂಚಬೇಕಾಯಿತು.

‘ಒಂದೇ ಒಂದು ಬಗ್ ಇಲ್ಲ’ ಎಂಬುದನ್ನು ಬರೆಯಲು ಸಾಧ್ಯವೇ ಇರಲಿಲ್ಲ. ಹಳೆಯ ಪ್ರಿಂಟರ್ ಮಾದರಿಯೊಂದರಲ್ಲಿ ಬಿಲ್ಲಿನ ಕೊನೆಯ ಸಾಲು ಕಾಣೆಯಾಗುವ ದೂರು ಇನ್ನೂ ಬಗೆಹರಿದಿರಲಿಲ್ಲ, ಮತ್ತು ಆ ದೂರುಗಳಿಗೆ ದಿನವಿಡೀ ಉತ್ತರಿಸುತ್ತಿದ್ದ ಹುಬ್ಬಳ್ಳಿ, ದಾವಣಗೆರೆಯ ಬೆಂಬಲ ಸಿಬ್ಬಂದಿಯೂ ಈ ಪತ್ರವನ್ನು ಓದುವವರಿದ್ದರು. ಅವರ ಎದುರು ತೊಂದರೆಯೇ ಇಲ್ಲವೆಂದು ಹೇಳುವುದು ಅವರ ಕೆಲಸವನ್ನೇ ಅಲ್ಲಗಳೆದಂತೆ. ಅವರು ಆ ವಾಟ್ಸ್ಆ್ಯಪ್ ಗುಂಪಿನಲ್ಲಿರಲಿಲ್ಲವಾದ್ದರಿಂದ ಯಾವ ಸಂದೇಶದಲ್ಲೂ ಅವರ ಪ್ರಸ್ತಾಪವಿರಲಿಲ್ಲ, ದೂರುಗಳ ಪಟ್ಟಿ ತೆರೆದಾಗಲೇ ಅವರ ಪಾಲು ಕಂಡದ್ದು.

ನಿದ್ದೆಗೆಟ್ಟವರಿಗೆ ಸಲಾಂ ಹೇಳುವುದರ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ರಾತ್ರಿಯಿಡೀ ಕುಳಿತದ್ದನ್ನು ಸಂಸ್ಥೆಯ ಪತ್ರದಲ್ಲಿ ಹೊಗಳಿದರೆ ಮುಂದಿನ ಬಿಡುಗಡೆಗೂ ಅದೇ ಅಳತೆಗೋಲಾಗುತ್ತದೆ; ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಕಡಿಮೆ ದುಡಿದವರಂತೆ ಕಾಣುತ್ತಾರೆ. ಆದ್ದರಿಂದ ಮೊದಲು ಮಾನವ ಸಂಪನ್ಮೂಲ ವಿಭಾಗದಿಂದ ಪರಿಹಾರ ರಜೆಗೆ ಅನುಮೋದನೆ ಪಡೆದು, ಸಲಾಮಿನ ಜಾಗದಲ್ಲಿ ಆ ರಜೆಯನ್ನು ಬರೆದೆ.

ಕೊನೆಗೆ ಹೋದ ಪತ್ರ ಹೀಗಿತ್ತು. ಮೂಲದಲ್ಲಿ ಪ್ರತಿಯೊಬ್ಬರ ಹೆಸರೂ ಇತ್ತು, ಇಲ್ಲಿ ಹುದ್ದೆಯನ್ನಷ್ಟೇ ಉಳಿಸಿದ್ದೇನೆ.

“ಆತ್ಮೀಯ ಸಹೋದ್ಯೋಗಿಗಳೇ,

ಕನ್ನಡ ಬಿಲ್ ಸೌಲಭ್ಯವುಳ್ಳ ನಮ್ಮ ಹೊಸ ಆವೃತ್ತಿ ಈಗ ಎಲ್ಲ ಬಳಕೆದಾರರನ್ನೂ ತಲುಪಿದೆ. ಇದರಿಂದ ನಮಗೆಲ್ಲರಿಗೂ ಬಹಳ ಸಂತೋಷವಾಗಿದೆ.

ಸಣ್ಣ ಪ್ರಿಂಟರ್‌ಗಳಲ್ಲಿಯೂ ಒತ್ತಕ್ಷರಗಳು ಕತ್ತರಿಸಿಹೋಗದೆ, ಉದ್ದನೆಯ ಬಿಲ್ಲುಗಳು ನಡುವೆ ನಿಲ್ಲದೆ ಮುದ್ರಣವಾಗುವಂತೆ ಮಾಡಿದ ಡೆವಲಪರ್ ಅವರಿಗೆ ಕೃತಜ್ಞತೆಗಳು. ಮೊತ್ತದ ವ್ಯತ್ಯಾಸವನ್ನು ಶೇ 5ರ ಹಂತದಲ್ಲೇ ಗುರುತಿಸಿ ಹಂಚಿಕೆಯನ್ನು ನಿಲ್ಲಿಸಿದ ಪರೀಕ್ಷಾ ವಿಭಾಗದ ಸಹೋದ್ಯೋಗಿಗೆ ಹಾಗೂ ಸರಿಪಡಿಸಿದ ಆವೃತ್ತಿಯನ್ನು ಅದೇ ರಾತ್ರಿ ಒದಗಿಸಿದ ಇಬ್ಬರು ಸಹೋದ್ಯೋಗಿಗಳಿಗೆ ನಾವು ಋಣಿಗಳು. ತಪ್ಪು ಮೊತ್ತದ ಬಿಲ್ಲುಗಳು ಹೆಚ್ಚಿನ ಅಂಗಡಿಗಳಿಗೆ ಹೋಗದಿದ್ದುದು ಅವರಿಂದಲೇ.

ಹಳೆಯ ಮಾದರಿಯ ಪ್ರಿಂಟರ್‌ನ ತೊಂದರೆ ಇನ್ನೂ ಪರಿಹಾರವಾಗಬೇಕಿದೆ. ಆ ಬಗ್ಗೆ ಅಂಗಡಿಯವರಿಗೆ ತಾಳ್ಮೆಯಿಂದ ವಿವರಿಸುತ್ತಿರುವ ಹುಬ್ಬಳ್ಳಿ ಮತ್ತು ದಾವಣಗೆರೆಯ ಬೆಂಬಲ ಸಿಬ್ಬಂದಿಗೆ ವಿಶೇಷ ಧನ್ಯವಾದಗಳು.

ಬಿಡುಗಡೆಯ ರಾತ್ರಿ ಕರ್ತವ್ಯದಲ್ಲಿದ್ದ ಎಲ್ಲರಿಗೂ ಪರಿಹಾರ ರಜೆ ಮಂಜೂರಾಗಿದೆ. ದಯವಿಟ್ಟು ಈ ತಿಂಗಳಲ್ಲೇ ಬಳಸಿಕೊಳ್ಳಿ.”

‘ಬಹಳ ಸಂತೋಷವಾಗಿದೆ’ ಎಂಬ ಮಾತನ್ನು ಮುಖ್ಯಸ್ಥರು ತೆಗೆಯಲೇ ಎಂದು ಕೇಳಿದರು, ಉಳಿಸಿಕೊಳ್ಳಿ ಎಂದೆ. ಆ ರಾತ್ರಿಯ ಉದ್ಗಾರಗಳ ಹುರುಪು ಸಭ್ಯವಾದ ಒಂದು ವಾಕ್ಯದಲ್ಲಾದರೂ ಇರದಿದ್ದರೆ ಪತ್ರ ಸುತ್ತೋಲೆಯಂತಾಗುತ್ತದೆ. ಕಿರಿಯರು, ಹಿರಿಯರೆನ್ನದೆ ಎಲ್ಲರಿಗೂ ಬಹುವಚನವನ್ನೇ ಬಳಸಿ, ಹೆಸರುಗಳನ್ನು ಹುದ್ದೆಯ ಅನುಕ್ರಮದಲ್ಲಿರಿಸದೆ ಕೆಲಸ ನಡೆದ ಕ್ರಮದಲ್ಲಿ ಬರೆದಿದ್ದೆವು.

ಹಂಚಿಕೆ ಶೇ 100 ತಲುಪಿ, ಹೊಸ ದೂರುಗಳು ತಹಬಂದಿಗೆ ಬಂದ ಮೇಲೆಯೇ ಪತ್ರ ಹೋಯಿತು. ಬೆಂಬಲ ಸಿಬ್ಬಂದಿಯಲ್ಲಿ ಕೆಲವರು ಗುತ್ತಿಗೆಯ ಮೇಲಿದ್ದು ನಮ್ಮ ಇಮೇಲ್ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೆ ಪ್ರತ್ಯೇಕವಾಗಿ ಕಳುಹಿಸಿ, ಒಂದು ಪ್ರತಿಯನ್ನು ಅವರ ಗುತ್ತಿಗೆ ಸಂಸ್ಥೆಯ ಮೇಲ್ವಿಚಾರಕರಿಗೂ ಕೊಟ್ಟೆವು. ಅವರ ಗುತ್ತಿಗೆ ನವೀಕರಣದ ಸಮಯದಲ್ಲಿ ತೋರಿಸಲು ಅವರ ಕೈಯಲ್ಲಿ ನಮ್ಮ ಕಡೆಯಿಂದ ಬೇರೆ ಯಾವ ಲಿಖಿತ ದಾಖಲೆಯೂ ಇರುವುದಿಲ್ಲ.