40.70 ಅಂತ ಬರೆದ ಆ ಒಂದು ಗೆರೆ

ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ ನಮಗೆ ಕೆಲಸ ಜಾಸ್ತಿ. ಗದ್ದೆಯಲ್ಲಿ ನೀರಿರುವುದಿಲ್ಲ, ಕೂಳೆ ಮೇಲೆ ಟೇಪ್ ಎಳೆಯಬಹುದು. ಮನೆಯವರೆಲ್ಲ ಊರಿಗೆ ಬಂದಿರುತ್ತಾರೆ, ಪಾಲು ಮಾಡುವ ಮಾತು ಬರುತ್ತದೆ. ವಿರಾಜಪೇಟೆ ಕಡೆಯ ಆ ಗದ್ದೆಯ ಕೆಲಸವೂ ಹಾಗೇ ಬಂತು. ಅಣ್ಣ ತಮ್ಮ ಇಬ್ಬರು, ಒಂದು ಸಣ್ಣ ಗದ್ದೆ, ಕಾಗದದಲ್ಲಿ 27 ಸೆಂಟ್. ಅರ್ಧ ಅರ್ಧ ಮಾಡಿಕೊಳ್ಳುವ ಮೊದಲು ನೆಲದಲ್ಲಿ ಎಷ್ಟಿದೆ ಅಂತ ಒಂದು ಸ್ಕೆಚ್ ಬೇಕು, ಅಷ್ಟೇ.

ನಾನು ಆಗ ಒಬ್ಬ ಖಾಸಗಿ ಸರ್ವೇಯರ್ ಹತ್ತಿರ ಮೂರನೇ ವರ್ಷದಲ್ಲಿದ್ದೆ. ಇಂಥ ಕೆಲಸಕ್ಕೆ ಆಫೀಸಿನವರು ಯಂತ್ರ ಕೊಡುತ್ತಿರಲಿಲ್ಲ. ಸಣ್ಣ ಜಾಗ ಅಲ್ವಾ, ಫೋನ್ ಆ್ಯಪ್‌ನಲ್ಲಿ ಸುತ್ತಿಬಿಡಿ ಅನ್ನುತ್ತಿದ್ದರು. ಬೆಟ್ಟದ ಸಂದಿಯಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ ಫೋನ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಹೋಗುತ್ತದೆ. 60 ಮೀಟರ್ ಉದ್ದದ ಗದ್ದೆಗೆ ಅದು ಸಾಲದು. ಅದಕ್ಕೇ ನಮ್ಮ ಸರ್ 30 ಮೀಟರ್ ಟೇಪ್, ಟೇಪ್ ಮುಗಿದಲ್ಲಿ ನೆಲಕ್ಕೆ ಚುಚ್ಚಿ ಎಣಿಸುವ ಆರೋ ಎಂಬ ಕಬ್ಬಿಣದ ಕಡ್ಡಿಗಳು, ಗೆರೆ ನೇರ ನೋಡಲು ನಾಲ್ಕು ರೇಂಜಿಂಗ್ ರಾಡ್, ಒಂದು ತೂಗುಗುಂಡು ಹಿಡಿದು ಹೊರಟರು. ಜೊತೆಗೆ ನಾನು, ಟೇಪ್ ಹಿಡಿಯುವ ನಮ್ಮ ಚೈನ್‌ಮ್ಯಾನ್ ಅಣ್ಣ.

ಗದ್ದೆಯ ಆಕಾರ ಹೇಳುತ್ತೇನೆ. ಕೆಳಗೆ ತೋಡು, ಬಳುಕಿಕೊಂಡು ಹರಿಯುತ್ತದೆ. ತೋಡಿನ ಎರಡು ತುದಿಯ ಕಲ್ಲುಗಳು ಎ ಮತ್ತು ಬಿ. ಮೇಲೆ ಬಾಣೆಯ, ಅಂದರೆ ಗುಡ್ಡದ ಜಾಗದ ಕಾಫಿ ಶುರುವಾಗುವಲ್ಲಿ ಮೂರನೇ ಕಲ್ಲು, ಸಿ. ಎ ಇಂದ ಸಿ ವರೆಗೆ ನೇರ ಬೇಲಿ, ಬಿ ಇಂದ ಸಿ ವರೆಗೆ ನೇರ ಏರಿ. ಅಂದರೆ ಒಂದು ತ್ರಿಕೋನ, ಅದರ ಬುಡಕ್ಕೆ ಅಂಟಿ ತೋಡಿನವರೆಗೆ ಒಂದು ಪಟ್ಟಿ. ತ್ರಿಕೋನಕ್ಕೆ ಮೂರು ಬದಿ ಅಳೆದರೆ ಸಾಕು, ಕೋನ ಬೇಡ. ಪಟ್ಟಿಗೆ ಆಫ್‌ಸೆಟ್, ಅಂದರೆ ಗೆರೆಯಿಂದ ಗಡಿಗೆ ಅಡ್ಡಳತೆ.

ಎ ಬಿ 60 ಮೀಟರ್, ಸರಿಯಾಗಿ ಎರಡು ಟೇಪ್. ಆ ಗೆರೆಯ ಮೇಲೆ ಪ್ರತಿ 10 ಮೀಟರಿಗೆ ನಿಂತು ತೋಡಿನ ಅಂಚಿಗೆ ಅಡ್ಡಳತೆ ತೆಗೆದೆವು. 10ರಲ್ಲಿ 2.4, 20ರಲ್ಲಿ 3.8, 30ರಲ್ಲಿ 4.6, 40ರಲ್ಲಿ 4.1, 50ರಲ್ಲಿ 2.2. ಆಫ್‌ಸೆಟ್ ಲಂಬವಾಗಿರಬೇಕು. ಇಷ್ಟು ಸಣ್ಣದಕ್ಕೆ ಲಂಬ ನೋಡುವ ಕ್ರಾಸ್ ಸ್ಟಾಫ್ ಇಡಲಿಲ್ಲ. ಟೇಪಿನ ಸೊನ್ನೆಯನ್ನು ತೋಡಿನ ಅಂಚಲ್ಲಿ ಹಿಡಿದು, ಇನ್ನೊಂದು ಕಡೆಯನ್ನು ಎ ಬಿ ಗೆರೆಯ ಮೇಲೆ ಕಮಾನಿನಂತೆ ಆಡಿಸಿದೆವು. ಎಲ್ಲಿ ಅಳತೆ ಎಲ್ಲಕ್ಕಿಂತ ಕಡಿಮೆ ಬರುತ್ತದೋ ಅಲ್ಲೇ ಲಂಬ. ಆ ಜಾಗ 10ರ ಬದಲು 10.3ರಲ್ಲಿ ಬಿದ್ದರೆ ತೋಡಿನ ಅಂಚಲ್ಲಿ ಸ್ವಲ್ಪ ಸರಿದು ಮತ್ತೆ ಆಡಿಸಬೇಕು.

30ಕ್ಕೂ 40ಕ್ಕೂ ನಡುವೆ ತೋಡು ಒಂದು ಮೊಣಕೈ ತಿರುಗುತ್ತದೆ. ಅದನ್ನು ಚೈನ್‌ಮ್ಯಾನ್ ಅಣ್ಣ ನೋಡಿದರು. "ಇಲ್ಲೊಂದು ತಗೊಳ್ಳಿ, ಹತ್ತತ್ತಕ್ಕೆ ಅಂತ ತೋಡು ತಿರುಗಲ್ಲ" ಅಂದರು. 36ರಲ್ಲಿ 6.0 ಬಂತು. ಅದನ್ನು ಬಿಟ್ಟಿದ್ದರೆ 8 ಚದರ ಮೀಟರಿಗೂ ಜಾಸ್ತಿ ಕೈಬಿಡುತ್ತಿತ್ತು. ಆಫ್‌ಸೆಟ್‌ನ ಜಾಗವನ್ನು ಗಡಿ ಹೇಳಬೇಕು, ಟೇಪಿನ ಗುರುತು ಅಲ್ಲ.

ಆಮೇಲೆ ಎ ಇಂದ ಸಿ. ಅಲ್ಲಿ ಗದ್ದೆ ಮಡಿಮಡಿಯಾಗಿ ಏರುತ್ತದೆ. ಸರ್ ಪ್ರತಿ ಮಡಿಗೂ ಟೇಪನ್ನು ಮಟ್ಟವಾಗಿ ಹಿಡಿಸಿ, ತೂಗುಗುಂಡು ಬಿಟ್ಟು, ತುಂಡು ತುಂಡಾಗಿ ಅಳೆದರು. 45 ಮೀಟರ್. ಬಳಿಕ ಸಿ ಇಂದ ಎ ಬಿ ಗೆರೆಯ 30 ಮೀಟರ್ ಗುರುತಿಗೆ ಚೆಕ್ ಲೈನ್, ಅಂದರೆ ನಕ್ಷೆ ಸರಿ ಬಂತೇ ಅಂತ ಪರೀಕ್ಷಿಸುವ ಗೆರೆ, ಅದನ್ನೂ ಹಾಗೇ. 30.21. ಅಷ್ಟು ಹೊತ್ತಿಗೆ ಮಂಜು ಇಳಿಯುತ್ತಿತ್ತು. ಸರ್‌ಗೆ ಇನ್ನೊಂದು ಮನೆಗೆ ಹೋಗಬೇಕಿತ್ತು, ಆಫೀಸಿನವರು ದಿನಕ್ಕೆ ಎರಡು ಜಾಗ ಒಪ್ಪಿಕೊಂಡಿದ್ದರು. "ಬಿ ಸಿ ನೀನೇ ಮುಗಿಸು" ಅಂತ ಹೇಳಿ ಹೊರಟರು.

ಬಿ ಇಂದ ಮೊದಲ 22.70 ಮೀಟರ್ ಸಮತಟ್ಟು. ಆಮೇಲೆ ಮಡಿಯಿಲ್ಲದ ಹುಲ್ಲಿನ ಇಳಿಜಾರು, ಒಂದೇ ಸಮ ಸಿ ವರೆಗೆ. ಕಣ್ಣಿಗೆ ಅದು ದೊಡ್ಡ ಏರು ಅನಿಸಲಿಲ್ಲ. ದಿನವಿಡೀ ಬಾಣೆ ಹತ್ತಿ ಇಳಿಯುವವರಿಗೆ ಅನಿಸುವುದೂ ಇಲ್ಲ. ಚೈನ್‌ಮ್ಯಾನ್ ಅಣ್ಣ ಸಿ ಕಡೆ ಹೋದರು. ನಾನು 30 ಮೀಟರಿಗೆ ಒಂದು ಆರೋ ಚುಚ್ಚಿ, ಉಳಿದದ್ದನ್ನು ಹುಲ್ಲಿನ ಮೇಲೇ ಬಿಗಿಯಾಗಿ ಎಳೆದೆ. 10.70. ಫೀಲ್ಡ್ ಬುಕ್ಕಿನಲ್ಲಿ ಒಂದೇ ಗೆರೆ ಬರೆದೆ: ಬಿ ಸಿ 40.70.

ರಾತ್ರಿ ಪ್ಲಾಟ್ ಮಾಡಲು ಕೂತೆ. ಎ3 ಹಾಳೆ, 1:200 ಸ್ಕೇಲ್, ಅಂದರೆ ಹಾಳೆಯ 1 ಸೆಂಟಿಮೀಟರ್ ನೆಲದ 2 ಮೀಟರ್. ಎ ಬಿ 30 ಸೆಂಟಿಮೀಟರ್ ಗೆರೆ. ಕಂಪಾಸಿಗೆ ಉದ್ದದ ಕಡ್ಡಿ ಸಿಕ್ಕಿಸಿ ಎ ಇಂದ 22.5, ಬಿ ಇಂದ 20.35 ಕಮಾನು ಹಾಕಿದೆ. ಅವು ಕೂಡಿದಲ್ಲಿ ಸಿ. ಸೆಟ್ ಸ್ಕ್ವೇರ್ ಜಾರಿಸುತ್ತ ಆಫ್‌ಸೆಟ್ ಬಿಂದುಗಳನ್ನು ಇಟ್ಟು ತೋಡನ್ನು ಕೈಯಲ್ಲೇ ಸೇರಿಸಿದೆ. ತ್ರಿಕೋನದ ಎತ್ತರ 30.5 ಮೀಟರ್ ಬಂತು, ಕ್ಷೇತ್ರ 915 ಚದರ ಮೀಟರ್. ತೋಡಿನ ಪಟ್ಟಿಯನ್ನು ಆಫ್‌ಸೆಟ್‌ಗಳ ನಡುವಿನ ತುಂಡುಗಳಾಗಿ ಕೂಡಿದರೆ 179.5. ಒಟ್ಟು 1094.5. ಸೆಂಟಿಗೆ 40.47 ಚದರ ಮೀಟರಿನಂತೆ ಭಾಗಿಸಿದರೆ 27.04.

ಕಾಗದದಲ್ಲೂ 27. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆಗಲೇ ಆ ಮನೆಯ ಅಣ್ಣನಿಗೆ ಫೋನ್ ಮಾಡಿ "ಸರಿಯಾಗಿ 27 ಇದೆ ಅಂಕಲ್" ಅಂದುಬಿಟ್ಟೆ. ಚೆಕ್ ಲೈನ್ ನೋಡಿದ್ದು ಆಮೇಲೆ.

ನೆಲದಲ್ಲಿ 30.21 ಅಂದರೆ ಹಾಳೆಯಲ್ಲಿ 15.1 ಸೆಂಟಿಮೀಟರ್ ಇರಬೇಕು. ಸ್ಕೇಲ್ ಇಟ್ಟೆ, 15.3 ದಾಟಿತ್ತು. ಪೆನ್ಸಿಲ್ ಚೂಪು ಮಾಡಿ ಮತ್ತೆ ಇಟ್ಟೆ. ಅಷ್ಟೇ. ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಈ ಸ್ಕೇಲ್‌ನಲ್ಲಿ ಅದು ನೆಲದ ಸುಮಾರು 46 ಸೆಂಟಿಮೀಟರ್. ಪೆನ್ಸಿಲ್ ದಪ್ಪದ ತಪ್ಪು ಕಾಲು ಮಿಲಿಮೀಟರ್ ಆಗಬಹುದು, ಎರಡು ಆಗುವುದಿಲ್ಲ.

ಆ ಹೊತ್ತಿನಲ್ಲಿ ನಾನು ಯೋಚಿಸಿದ ರೀತಿ ಈಗಲೂ ಚುಚ್ಚುತ್ತದೆ. ಕ್ಷೇತ್ರ ದಾಖಲೆಗೆ ಕೂಡಿದೆ, ಹಾಗಾಗಿ ಮೂರು ಬದಿ ಸರಿ, ಚೆಕ್ ಲೈನೇ ತಪ್ಪು ಅಂದುಕೊಂಡೆ. ಸರ್‌ಗೆ ಮೊಣಕಾಲು ನೋವು, ಆತುರದಲ್ಲಿದ್ದರು, ಎಲ್ಲೋ ಅರ್ಧ ಮೀಟರ್ ತಪ್ಪಿರಬೇಕು ಅಂತ ಅವರ ಮೇಲೇ ಹಾಕಿದೆ. ಅರ್ಧ ಗಂಟೆ ಹಾಗೇ ಕೂತಿದ್ದೆ. ಸ್ಕೆಚ್‌ನಲ್ಲಿ ಚೆಕ್ ಲೈನ್ ತೋರಿಸದೆ ಕೊಟ್ಟರೆ ಯಾರೂ ಕೇಳುವುದಿಲ್ಲ ಅನ್ನುವ ಯೋಚನೆಯೂ ಬಂತು.

ಬೆಳಿಗ್ಗೆ ಸರ್ ಹಾಳೆ ನೋಡಿದರು. ಬೈಯಲಿಲ್ಲ. "ಹಾಳೆಯ ಚೆಕ್ ಲೈನ್ ನೆಲದ್ದಕ್ಕಿಂತ ದೊಡ್ಡದಾಗಿದೆಯೋ ಚಿಕ್ಕದಾಗಿದೆಯೋ?" ಅಂತ ಕೇಳಿದರು. ದೊಡ್ಡದಾಗಿದೆ ಸರ್ ಅಂದೆ. "ಆರೋ ಎಣಿಕೆ ತಪ್ಪಿದರೆ ಇಡೀ ಟೇಪೇ ಹೋಗುತ್ತೆ, 30 ಮೀಟರ್. ಅಂಕಿ ತಪ್ಪು ಓದಿದರೆ ಸಾಮಾನ್ಯವಾಗಿ 1 ಮೀಟರೋ 10 ಮೀಟರೋ ಹೋಗುತ್ತೆ. ಇದು ಹಾಗಿಲ್ಲ. ಯಾವುದೋ ಬದಿ ಸ್ವಲ್ಪ ಉದ್ದ ಬಂದಿದೆ. ಟೇಪ್ ಜೋತುಬಿದ್ದರೂ, ಗೆರೆ ಬಿಟ್ಟು ಪಕ್ಕಕ್ಕೆ ಹೋದರೂ, ಇಳಿಜಾರಲ್ಲಿ ಎಳೆದರೂ ಅಳತೆ ಉದ್ದವೇ ಬರೋದು, ಗಿಡ್ಡ ಬರಲ್ಲ" ಅಂದರು. ಆಮೇಲೆ ಫೀಲ್ಡ್ ಬುಕ್ ತೆರೆದರು. ಎ ಸಿ ಪುಟದಲ್ಲಿ ತುಂಡು ತುಂಡಿನ ಸಾಲು. ಚೆಕ್ ಲೈನ್ ಪುಟದಲ್ಲೂ. ಬಿ ಸಿ ಪುಟದಲ್ಲಿ ಒಂದೇ ಅಂಕಿ, 40.70. ಬೆರಳು ಅಲ್ಲೇ ಇಟ್ಟು ನನ್ನ ಮುಖ ನೋಡಿದರು.

ಮತ್ತೆ ಹೋದೆವು. ಈ ಸಲ ಸಿ ಇಂದ ಕೆಳಕ್ಕೆ ಅಳೆದೆವು. ಮೇಲಿನವರು ಸೊನ್ನೆಯನ್ನು ನೆಲಕ್ಕೇ ಒತ್ತಿ ಹಿಡಿಯಬಹುದು, ಕೆಳಗಿನವರು ಮಾತ್ರ ಟೇಪನ್ನು ಮಟ್ಟಕ್ಕೆ ಎತ್ತಿ ತೂಗುಗುಂಡು ಬಿಟ್ಟರೆ ಆಯಿತು. ಕೆಳಗಿಂದ ಮೇಲಕ್ಕೆ ಅಳೆದರೆ ಸೊನ್ನೆಯನ್ನು ಗಾಳಿಯಲ್ಲಿ ಹಿಡಿದು ಬಿಂದುವಿನ ಮೇಲೆ ನಿಲ್ಲಿಸಬೇಕು, ಕೈ ನಡುಗುತ್ತದೆ. ಒಂದು ಸಲಕ್ಕೆ 5 ಮೀಟರ್ ಮಾತ್ರ. ಅಷ್ಟಕ್ಕೇ ಟೇಪ್ ನನ್ನ ಎದೆಯ ಎತ್ತರಕ್ಕೆ ಬಂತು. ಆಗ ಗೊತ್ತಾಯಿತು ಆ ಇಳಿಜಾರು ಎಷ್ಟು ಅಂತ. ಒಟ್ಟು ಸುಮಾರು 5 ಮೀಟರ್ ಏರು. 5, 5, 5, ಕೊನೆಗೆ 2.29. ಹುಲ್ಲಿನ ಮೇಲೆ 18 ಮೀಟರ್ ಇದ್ದದ್ದು ಮಟ್ಟದಲ್ಲಿ 17.29 ಮಾತ್ರ. ಬಿ ಸಿ 40 ಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆ.

ಅಂಕಲ್ ಅಲ್ಲಿಗೆ ಬಂದರು. ನಾನು ಫೋನಿನಲ್ಲಿ ಹೇಳಿದ್ದು ತಪ್ಪು, ಕ್ಷಮಿಸಿ ಅಂದೆ. "ನಿನ್ನೆ 27 ಅಂದೆಯಲ್ಲಪ್ಪ, ಜಾಗ ರಾತ್ರಿ ಎಲ್ಲಿ ಹೋಯ್ತು?" ಅಂತ ಕೇಳಿದರು. ಕೇಳಲೇಬೇಕು, ತಮ್ಮ ಪಕ್ಕದಲ್ಲೇ ನಿಂತಿದ್ದರು. ಸರ್ ವಾದ ಮಾಡಲಿಲ್ಲ. ಟೇಪಿನ ಸೊನ್ನೆಯನ್ನು ಅಂಕಲ್ ಕೈಗೆ ಕೊಟ್ಟು ಸಿ ಕಲ್ಲಿನ ಹತ್ತಿರ ಕೂರಿಸಿದರು, ಇನ್ನೊಂದು ತುದಿ ತಮ್ಮನ ಕೈಗೆ. ಮೊದಲು ಹುಲ್ಲಿನ ಮೇಲೆ ಎಳೆಸಿ 5 ಮೀಟರಿಗೆ ಒಂದು ಕಡ್ಡಿ ನೆಟ್ಟರು. ಆಮೇಲೆ ಮಟ್ಟಕ್ಕೆ ಎತ್ತಿಸಿ ಗುಂಡು ಬಿಡಿಸಿದರು. ಗುಂಡು ಕಡ್ಡಿಯನ್ನು ದಾಟಿ, ಒಂದು ಗೇಣಿನಷ್ಟು ಕೆಳಗೆ ಬಿತ್ತು. ಇಬ್ಬರೂ ಬಗ್ಗಿ ನೋಡಿದರು. ನಕ್ಷೆಗೆ ಬೇಕಾದದ್ದು ಮಟ್ಟದ ಅಳತೆ ಅಂತ ಬೇರೆ ಹೇಳಬೇಕಾಗಲಿಲ್ಲ.

ಅಲ್ಲೇ ಏರಿಯ ಮೇಲೆ ಹಲಗೆ ಇಟ್ಟು ಹೊಸ ಹಾಳೆ ಹಾಕಿದೆ. ಬಿ ಇಂದ 20 ಸೆಂಟಿಮೀಟರ್ ಕಮಾನು. ತ್ರಿಕೋನದ ಎತ್ತರ 30 ಮೀಟರ್, ಕ್ಷೇತ್ರ 900. ತೋಡಿನ ಪಟ್ಟಿ ಸೇರಿ 1079.5, ಅಂದರೆ 26.67 ಸೆಂಟ್. ಕಾಗದದ 27ಕ್ಕೆ ನಾವು ಉತ್ತರ ಕೊಡಲಾಗುವುದಿಲ್ಲ, ನೆಲದ್ದು ಇದು ಅಂತ ಸರ್ ಸ್ಕೆಚ್ ಮೇಲೆ ಬರೆಸಿದರು. ಪಾಲಿನ ಗೆರೆ ಇದರ ಮೇಲೇ ಬಿತ್ತು.

ಫೀಲ್ಡ್ ಬುಕ್ಕಿನಲ್ಲಿ ನಾನು 40.70 ಅಳಿಸಲು ಹೋದೆ. ಸರ್ ಬಿಡಲಿಲ್ಲ. ಒಂದು ಗೆರೆ ಎಳೆ, ಅಂಕಿ ಕಾಣುತ್ತಿರಲಿ, ಪಕ್ಕದಲ್ಲಿ ಹೊಸದು ಬರೆದು ತಾರೀಕು ಹಾಕು ಅಂದರು. ಆಮೇಲೆ ಹಾಳೆಯ ಮೇಲೆ ಚೆಕ್ ಲೈನ್‌ಗೆ ಸ್ಕೇಲ್ ಇಟ್ಟೆ. ಅಂಕಲ್ ನನ್ನ ಭುಜದ ಮೇಲಿಂದ ನೋಡುತ್ತಿದ್ದರು. "ಎಷ್ಟು?" ಅಂತ ಅವರೇ ಕೇಳಿದರು. 15.1 ಅಂದೆ.