ಪ್ಲಾಸ್ಟರಿಂಗ್ ಟೊಳ್ಳಾಗುವುದು ಬೆನ್ನ ಕಡೆಯಿಂದ

"ಸಾರ್, ಒಳಗಿನ ಗೋಡೆ ತಟ್ಟಿದ್ರೆ ಅಲ್ಲಲ್ಲಿ ಡಬ ಡಬ ಅಂತ ಶಬ್ದ ಬರ್ತಿದೆ. ಮೇಸ್ತ್ರಿ ಸಿಮೆಂಟ್ ಕಡಿಮೆ ಹಾಕ್ಬಿಟ್ರಾ? 1:4 ಹಾಕಿಸಬೇಕಿತ್ತಾ?"

ಬೇಕಿರಲಿಲ್ಲ. ಮನೆಯೊಳಗಿನ ಬ್ಲಾಕ್ ಅಥವಾ ಇಟ್ಟಿಗೆ ಗೋಡೆಗೆ 1:6 ಸಾಕು. ಒಂದು ಪಾಲು ಸಿಮೆಂಟ್, ಆರು ಪಾಲು ಮರಳು. ತಾರಸಿಯ ಅಡಿಭಾಗಕ್ಕೆ ಮಾತ್ರ 1:4 ಅಥವಾ 1:3 ಮಾಡಿ ತೆಳ್ಳಗೆ ಎಳೆಯುತ್ತಾರೆ. ಸಿಮೆಂಟ್ ನಿಜವಾಗಿಯೂ ಕಡಿಮೆಯಾಗಿದ್ದರೆ ಅದು ಮುಖದ ಮೇಲೇ ಗೊತ್ತಾಗುತ್ತದೆ. ಮೊಳೆಯಿಂದ ಗೀರಿದರೆ ಮರಳು ಉದುರುತ್ತದೆ, ಡ್ರಿಲ್ ಹಾಕಿದರೆ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಟೊಳ್ಳು ಶಬ್ದ ಬೇರೆ ವಿಷಯ. ಅಲ್ಲಿ ಪ್ಲಾಸ್ಟರ್ ಗಟ್ಟಿಯಾಗಿಯೇ ಇರಬಹುದು, ಆದರೆ ಹಿಂದಿನ ಗೋಡೆಗೆ ಅಂಟಿಕೊಂಡಿಲ್ಲ.

ಸಿಮೆಂಟ್ ಜಾಸ್ತಿ ಮಾಡಿದರೆ ಇದು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಸಿಮೆಂಟ್ ಹೆಚ್ಚಿದ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಗಡಸೂ ಆಗುತ್ತದೆ. ಹಿಂದಿನ ಬ್ಲಾಕ್ ಅಷ್ಟು ಕುಗ್ಗುವುದಿಲ್ಲ. ಹಿಡಿತ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಪ್ಲಾಸ್ಟರ್ ಎದ್ದು ಬಿಡುತ್ತದೆ.

ನಾಗರಬಾವಿ ಕಡೆ ಒಂದು 30x40 ಸೈಟಿನ ಮನೆ. ಆರು ಇಂಚಿನ ಸಾಲಿಡ್ ಬ್ಲಾಕ್, ಮೊದಲನೇ ಮಹಡಿಯ ರೂಮು, ಪಶ್ಚಿಮದ ಗೋಡೆ. ಮನೆಯವರು ಹಟ ಹಿಡಿದು 1:5 ಹಾಕಿಸಿದ್ದರು. ಆದರೂ ಎರಡು ಕಡೆ ಟೊಳ್ಳು: ಒಂದು ಪಿಲ್ಲರ್ ಉದ್ದಕ್ಕೂ, ಇನ್ನೊಂದು ಗೋಡೆಯ ನಡುವೆ ಬಾಗಿಲಗಲ. ಎರಡನ್ನೂ ಕಟ್ ಮಾಡಿಸಿ, ಬಿದ್ದ ತುಂಡುಗಳನ್ನು ತಿರುಗಿಸಿ ನೋಡಿದೆವು. ಯಾರೇ ಕರೆದರೂ ನಾನು ಮೊದಲು ನೋಡುವುದು ತುಂಡಿನ ಬೆನ್ನನ್ನೇ, ಏಕೆಂದರೆ ಕಾರಣ ಅಲ್ಲೇ ಕಾಣುತ್ತದೆ.

ಪಿಲ್ಲರ್ ಮೇಲಿಂದ ಬಂದ ತುಂಡಿನ ಬೆನ್ನು ನುಣ್ಣಗೆ ಹೊಳೆಯುತ್ತಿತ್ತು. ಸೆಂಟ್ರಿಂಗ್ ಪ್ಲೈವುಡ್‌ನ ಗೆರೆಗಳು ಕಾಂಕ್ರೀಟ್‌ನಲ್ಲಿ ಮೂಡಿ, ಅಲ್ಲಿಂದ ಪ್ಲಾಸ್ಟರ್ ಮೇಲೂ ಅಚ್ಚೊತ್ತಿದ್ದವು. ಅಂದರೆ ಅಲ್ಲಿ ಒಂದು ದಿನವೂ ಹಿಡಿತ ಇರಲಿಲ್ಲ. ಸೆಂಟ್ರಿಂಗ್‌ಗೆ ಸವರಿದ ಎಣ್ಣೆ ಕಾಂಕ್ರೀಟ್ ಮೇಲೆ ಹಾಗೇ ಉಳಿದಿತ್ತು, ಉಳಿಯಿಂದ ಕಚ್ಚು ಹೊಡೆದಿರಲಿಲ್ಲ. ಪಿಲ್ಲರ್ ಮತ್ತು ಬೀಮ್ ಮೇಲೆ ಸುಮಾರು 3 ಮಿ.ಮೀ. ಆಳಕ್ಕೆ, ಹೆಬ್ಬೆರಳಗಲಕ್ಕೊಂದರಂತೆ ಕಚ್ಚು ಬೀಳಬೇಕು. ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಮಾಡಿಸಿದರೆ ಕೆಲಸ ಸುಲಭ. ತಿಂಗಳಾದ ಮೇಲೆ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ, ಕೆಲಸದವರು ಅಲ್ಲೊಂದು ಇಲ್ಲೊಂದು ಏಟು ಹಾಕಿ ಮುಗಿಸುತ್ತಾರೆ. ಆ ಮನೆಯಲ್ಲಿ ಚಿಕನ್ ಮೆಶ್ ಅನ್ನುವ ತಂತಿ ಬಲೆ ಇತ್ತು, ಮೆಶ್ ಹಾಕಿದ್ದೀವಲ್ಲ ಅಂತ ಮೇಸ್ತ್ರಿ ವಾದಿಸಿದರು. ಮೆಶ್ ಇರುವುದು ಪಿಲ್ಲರ್ ಮತ್ತು ಬ್ಲಾಕ್ ಕೂಡುವ ಕಡೆ ಬಿರುಕು ಬರದಿರಲಿ ಅಂತ. ಅಂಟಿಸುವ ಕೆಲಸ ಅದರದ್ದಲ್ಲ. ಮೆಶ್ ಬಿಗಿಯಾಗಿ ಎಳೆದು ಹೊಡೆಯದೆ ಜೋತು ಬಿದ್ದಿದ್ದರೆ ಗಾರೆ ಅದರ ಹಿಂದೆ ಹೋಗುವುದೇ ಇಲ್ಲ, ಮೆಶ್ಶೇ ಟೊಳ್ಳಿಗೆ ಕಾರಣವಾಗುತ್ತದೆ.

ಗೋಡೆಯ ನಡುವಿನ ತುಂಡು ಬೇರೆ ಕಥೆ ಹೇಳಿತು. ದಪ್ಪ 30 ಮಿ.ಮೀ.ಗೂ ಮೇಲೆ. ಬೆನ್ನು ಒರಟು, ಬೆರಳಲ್ಲಿ ಉಜ್ಜಿದರೆ ಬೂದು ಪುಡಿ ಬರುತ್ತಿತ್ತು. ಬ್ಲಾಕ್ ಮೇಲೆ ಧೂಳಿನ ಪದರ ಹಾಗೇ ಇತ್ತು. ಆ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಪ್ಲಾಸ್ಟರಿಂಗ್ ನಡೆದದ್ದು ಮಾರ್ಚ್‌ನಲ್ಲಿ, ಕಿಟಕಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಒಣಗಿದ ಬ್ಲಾಕ್ ಗಾರೆಯ ನೀರನ್ನು ಹಿಂದಿನಿಂದ ಹೀರಿಕೊಂಡಿತು, ಗಾಳಿ ಮುಂದಿನಿಂದ ಒಣಗಿಸಿತು. ಅಂಟಬೇಕಾದ ಜಾಗದಲ್ಲಿ ಸಿಮೆಂಟ್‌ಗೆ ನೀರೇ ಸಿಗಲಿಲ್ಲ, ಹಾಗಾಗಿ ಅದು ಪುಡಿಯಾಗಿಯೇ ಉಳಿಯಿತು. ಇದರ ಜೊತೆಗೆ ದಪ್ಪ. ಗೋಡೆ ತೂಗುಗುಂಡಿಗೆ ಸರಿ ಇರಲಿಲ್ಲ, ಹಳ್ಳವಿದ್ದ ಕಡೆ ಒಂದೇ ಸಲಕ್ಕೆ ಗಾರೆ ತುಂಬಿ ಎಳೆದಿದ್ದರು. ಹಸಿ ಗಾರೆ ಇಷ್ಟು ದಪ್ಪವಾದರೆ ತನ್ನ ಭಾರಕ್ಕೇ ಸ್ವಲ್ಪ ಜಾರುತ್ತದೆ, ಕಣ್ಣಿಗೆ ಕಾಣದಷ್ಟು. ಅಲ್ಲಿಗೆ ಹಿಡಿತ ಹೋದಂತೆಯೇ.

ಅದೇ ಗೋಡೆಯಲ್ಲಿ ಎರಡಡಿ ಆಚೆ, ಅದೇ ದಿನ, ಅದೇ ಕಲಸಿನಿಂದ ಹಾಕಿದ ಪ್ಲಾಸ್ಟರ್ 14 ಮಿ.ಮೀ. ದಪ್ಪ ಇತ್ತು. ಅಲ್ಲಿ ಉಳಿ ಇಟ್ಟು ಹೊಡೆದರೆ ಪ್ಲಾಸ್ಟರ್ ಜೊತೆ ಬ್ಲಾಕ್‌ನ ಚೂರೂ ಕಿತ್ತು ಬಂತು. ಒಳ್ಳೆ ಹಿಡಿತ ಅಂದರೆ ಇದು. ಸಿಮೆಂಟ್ ಪ್ರಮಾಣವೇ ಕಾರಣವಾಗಿದ್ದರೆ ಇಡೀ ಗೋಡೆ ಒಂದೇ ಥರ ಇರಬೇಕಿತ್ತು, ಅಲ್ವಾ?

ಒಳಗೋಡೆಗೆ 12ರಿಂದ 15 ಮಿ.ಮೀ. ಸರಿಯಾದ ದಪ್ಪ. 20 ಮಿ.ಮೀ. ದಾಟುವ ಕಡೆ ಎರಡು ಸಲ ಹಾಕಿಸಿ. ಮೊದಲ ಪದರ ಎಳೆದು, ಅದು ಬಿಗಿಯುವ ಮುಂಚೆ ಕರಣೆಯಿಂದ ಗೀರು ಹಾಕಿ, ಗಟ್ಟಿಯಾದ ಮೇಲೆ ಎರಡನೆಯದು. ಗೋಡೆಯನ್ನು ಮೊದಲು ಬ್ರಶ್‌ನಿಂದ ಗುಡಿಸಿ, ಹಿಂದಿನ ದಿನ ಸಂಜೆ ನೀರು ಹೊಡೆದು, ಬೆಳಿಗ್ಗೆ ಇನ್ನೊಮ್ಮೆ ಚಿಮುಕಿಸಿ. ಗಾರೆ ಹಾಕುವಾಗ ಬ್ಲಾಕ್ ಮುಟ್ಟಿದರೆ ತಂಪಿರಬೇಕು, ಮೇಲೆ ನೀರು ಹೊಳೆಯುತ್ತಿರಬಾರದು. ಎಎಸಿ ಅನ್ನುವ ಹಗುರ ಬ್ಲಾಕ್ ಆದರೆ ಪೈಪ್ ಹಿಡಿದು ನೆನೆಸುವುದು ಬೇಡ. ಅದು ಒಳಗೆ ತುಂಬಾ ನೀರು ಇಟ್ಟುಕೊಂಡು ಆಮೇಲೆ ಒಣಗುವಾಗ ಕುಗ್ಗುತ್ತದೆ, ಮೇಲೆ ಚಿಮುಕಿಸಿದರೆ ಸಾಕು.

ಅಳತೆ ಬಗ್ಗೆ ಒಂದು ಮಾತು. ಬಾಂಡ್ಲಿ ಲೆಕ್ಕ ನಂಬಬೇಡಿ, ಒಬ್ಬರು ತಲೆತಟ್ಟಿ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಮಾಡುತ್ತಾರೆ. 50 ಕೆ.ಜಿ. ಮೂಟೆ ಸಿಮೆಂಟ್ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ, ಅಂದರೆ 1.25 ಘನ ಅಡಿ. ಅಷ್ಟೇ ಹಿಡಿಯುವ ಹಲಗೆ ಪೆಟ್ಟಿಗೆ ಮಾಡಿಸಿ, ಮೂಟೆಗೆ ಆರು ಪೆಟ್ಟಿಗೆ ಪಿ-ಸ್ಯಾಂಡ್, ಅಂದರೆ ಪ್ಲಾಸ್ಟರಿಂಗ್‌ಗೆಂದೇ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ಹಾಕಿಸಿ. 12 ಮಿ.ಮೀ. ದಪ್ಪಕ್ಕೆ ಒಂದು ಮೂಟೆಯಲ್ಲಿ ಹೆಚ್ಚು ಕಡಿಮೆ 120 ಚದರ ಅಡಿ ಆಗುತ್ತದೆ. 70ಕ್ಕೇ ಮುಗಿಯಿತು ಅಂದರೆ ಎಲ್ಲೋ ದಪ್ಪ ಕೂರುತ್ತಿದೆ ಅಂತ ಅರ್ಥ, ಕೂಡಲೇ ಹೋಗಿ ನೋಡಿ. ಪಿ-ಸ್ಯಾಂಡ್ ಅನ್ನು ಅಂಗೈಯಲ್ಲಿ ಉಜ್ಜಿ ಕೊಡವಿದ ಮೇಲೂ ಕೈ ಬೆಳ್ಳಗೆ ಉಳಿದರೆ ಅದರಲ್ಲಿ ಧೂಳು ಜಾಸ್ತಿ. ಆ ಧೂಳಿಗೆ ನೀರು ಜಾಸ್ತಿ ಬೇಕು, ನೀರು ಜಾಸ್ತಿಯಾದರೆ ಕುಗ್ಗುವುದೂ ಜಾಸ್ತಿ. ಇನ್ನು, ಬೇಗ ನುಣುಪು ಬರಲಿ ಅಂತ ಹಸಿ ಪ್ಲಾಸ್ಟರ್ ಮೇಲೆ ಒಣ ಸಿಮೆಂಟ್ ಎರಚುವುದನ್ನು ದಯವಿಟ್ಟು ನಿಲ್ಲಿಸಿ. ಮೇಲೆ ಸಿಮೆಂಟ್‌ನ ತೆಳು ಪದರ ಕೂತು, ಅದು ಕುಗ್ಗಿ, ಕೆಳಗಿನದನ್ನೂ ಎಳೆಯುತ್ತದೆ. ಕನಿಷ್ಠ ಏಳು ದಿನ ಕ್ಯೂರಿಂಗ್ ಬೇಕೇ ಬೇಕು.

ಈಗಾಗಲೇ ಟೊಳ್ಳಾಗಿದ್ದರೆ ಎಲ್ಲವನ್ನೂ ಒಡೆಯಬೇಕಿಲ್ಲ. ಗೋಡೆಯ ನಡುವೆ ಅಂಗೈಯಗಲ ಇದೆ, ಸುತ್ತ ಬಿರುಕಿಲ್ಲ, ಒತ್ತಿದರೆ ಅಲುಗುವುದಿಲ್ಲ ಅಂದರೆ ನಾನು ಬಿಟ್ಟುಬಿಡಿ ಅನ್ನುತ್ತೇನೆ. ಟೈಲ್ಸ್ ಅಂಟಿಸುವ ಕಡೆ, ವಾರ್ಡ್‌ರೋಬ್ ತೂಗುಹಾಕುವ ಕಡೆ, ತಲೆ ಮೇಲಿನ ಬೀಮ್‌ನಲ್ಲಿ ಇದ್ದರೆ ಮಾತ್ರ ತೆಗೆಸಲೇಬೇಕು. ಗಟ್ಟಿ ಶಬ್ದ ಬರುವ ತನಕ ತಟ್ಟುತ್ತಾ ಹೋಗಿ ಗುರುತು ಹಾಕಿ, ಅದರಿಂದ ಎರಡಿಂಚು ಆಚೆಗೆ ಗ್ರೈಂಡರ್‌ನಲ್ಲಿ ಚೌಕವಾಗಿ ಕಟ್ ಮಾಡಿ. ಸುತ್ತಿಗೆಯಿಂದಲೇ ಒಡೆಯಲು ಹೋದರೆ ಚೆನ್ನಾಗಿರುವ ಪ್ಲಾಸ್ಟರೂ ಅದುರಿ ಬಿಟ್ಟುಕೊಳ್ಳುತ್ತದೆ. ಆಮೇಲೆ ವೈರ್ ಬ್ರಶ್ ಹಾಕಿ, ಕಾಂಕ್ರೀಟ್ ಆದರೆ ಕಚ್ಚು ಹೊಡೆಸಿ, ನೀರು ಚಿಮುಕಿಸಿ, ಲ್ಯಾಟೆಕ್ಸ್ ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಅಂಟಂಟಾಗಿರುವಾಗಲೇ ಹೊಸ ಗಾರೆ ಹಾಕಬೇಕು. ಹಾಲು ಬಳಿದು ಊಟಕ್ಕೆ ಹೋಗಿ ಬಂದು ಗಾರೆ ಹಾಕಿದರೆ ಒಣಗಿದ ಆ ಪದರವೇ ಗೋಡೆಗೂ ಗಾರೆಗೂ ನಡುವೆ ಅಡ್ಡ ನಿಲ್ಲುತ್ತದೆ, ಮತ್ತೆ ಅದೇ ಶಬ್ದ ಬರುತ್ತದೆ. ಕ್ಯೂರಿಂಗ್ ಮುಗಿದು ಗೋಡೆ ಒಣಗಿದ ಮೇಲೆ, ಪುಟ್ಟಿ ಹಾಕುವ ಮೊದಲು, ನಾಣ್ಯ ಹಿಡಿದು ಇನ್ನೊಮ್ಮೆ ತಟ್ಟಿ ನೋಡಿ.