31ನೇ ಹೆಕ್ಸಾಗ್ರಾಮ್ ಬಂತು ಅಂದ್ರೆ ಇವರೇ ಅಂತಾನಾ?

"ಹೊಸದಾಗಿ ಒಬ್ರು ಪರಿಚಯ ಆಗಿದಾರೆ, ತುಂಬಾ ಇಷ್ಟ ಆಗ್ತಿದಾರೆ. ಯಿ ಜಿಂಗ್ ಕೇಳಿದೆ, 31 ಬಂತು, ಮದುವೆಗೆ ಶುಭ ಅಂತಿದೆ. ಫಿಕ್ಸ್ ಆಗ್ಬಿಡ್ಲಾ?"

ಯಿ ಜಿಂಗ್ ಅಂದ್ರೆ ನಾಣ್ಯ ಹಾಕಿ ಪ್ರಶ್ನೆ ಕೇಳೋ ಹಳೇ ಚೀನೀ ಪುಸ್ತಕ. ಅದರಲ್ಲಿ ಆರಾರು ಗೆರೆಗಳ 64 ಚಿತ್ರ ಇವೆ, ಅವೇ ಹೆಕ್ಸಾಗ್ರಾಮ್, ಒಂದೊಂದಕ್ಕೂ ಮೇಲೆ ಒಂದು ಸಾಲು, ಕೆಳಗೆ ಒಂದೊಂದು ಗೆರೆಗೂ ಒಂದು ಮಾತು. ಮೊದಲು ಎಷ್ಟನೇ ಗೆರೆ ಬದಲಾಯ್ತು ಅಂತ ನೋಡಿ. ಈ ಪ್ರಶ್ನೆ ಕೇಳೋರಲ್ಲಿ ಹೆಚ್ಚಿನವರು ಮೇಲಿನ ಒಂದು ಸಾಲು ಓದಿ ಖುಷಿಯಾಗಿ ಪುಸ್ತಕ ಮುಚ್ಚಿರ್ತಾರೆ, ಆದ್ರೆ 31ರಲ್ಲಿ ನಿಮ್ಮ ವಿಷಯ ಇರೋದು ಆ ಸಾಲಲ್ಲಲ್ಲ, ಕೆಳಗಿನ ಆರು ಗೆರೆಗಳಲ್ಲಿ.

ಆ ಮೇಲಿನ ಸಾಲೂ ಸುಳ್ಳಲ್ಲ. ಚೀನೀ ಭಾಷೆಲಿ ಇದರ ಹೆಸರು ಶ್ಯೆನ್. ಸಾಲಲ್ಲಿ ಇರೋದು ಇಷ್ಟೇ: ಕೆಲಸ ಕೈಗೂಡುತ್ತೆ, ನೇರವಾಗಿ ಗಟ್ಟಿಯಾಗಿ ನಿಂತರೆ ಒಳ್ಳೇದು, ಹೆಣ್ಣು ತರೋದು ಶುಭ. ಮಧ್ಯದ ಆ ಷರತ್ತನ್ನ ಹಾರಿಸಿ ಕೊನೇದನ್ನ ಮಾತ್ರ ಓದೋದೇ ಮೊದಲನೇ ತಪ್ಪು.

ಚಿತ್ರ ನೋಡಿ. ಕೆಳಗೆ ಬೆಟ್ಟ, ಅಂದ್ರೆ ಎರಡು ತುಂಡು ಗೆರೆ, ಅದರ ಮೇಲೊಂದು ಇಡೀ ಗೆರೆ. ಮೇಲೆ ಸರೋವರ, ಎರಡು ಇಡೀ ಗೆರೆ, ತುದಿಗೊಂದು ತುಂಡು ಗೆರೆ. ಬೆಟ್ಟ ಅಂದ್ರೆ ಮನೆಯ ಕಿರಿಮಗ, ಸರೋವರ ಅಂದ್ರೆ ಕಿರಿಮಗಳು. ಒಂದನೇ ಗೆರೆಗೆ ನಾಲ್ಕನೇದು, ಎರಡಕ್ಕೆ ಐದು, ಮೂರಕ್ಕೆ ಆರು ಜೋಡಿ, ಮೂರು ಜೋಡಿಲೂ ಒಂದು ಇಡೀ, ಒಂದು ತುಂಡು. ಅಂದ್ರೆ ಆಕರ್ಷಣೆ ಎರಡೂ ಕಡೆ ಇದೆ, ನಿಮಗೊಬ್ರಿಗೇ ಅನ್ನಿಸ್ತಿರೋದಲ್ಲ. 64ರಲ್ಲಿ ಹೀಗೆ ಮೂರೂ ಜೋಡಿ ಸರಿಯಾಗಿ ಕೂಡೋದು ಎಂಟರಲ್ಲಿ ಮಾತ್ರ.

ಆದ್ರೆ ಆ ಎಂಟರಲ್ಲಿ 12ನೇದೂ ಒಂದು, ಅದು ಎಲ್ಲಾ ನಿಂತುಹೋಗಿರೋ ಹೆಕ್ಸಾಗ್ರಾಮ್! ಅಲ್ಲಿ ಆಕಾಶ ಮೇಲೆ, ಭೂಮಿ ಕೆಳಗೆ, ಆಕಾಶ ಇನ್ನೂ ಮೇಲಕ್ಕೆ ಹೋಗುತ್ತೆ, ಭೂಮಿ ಕೆಳಕ್ಕೆ ಇಳಿಯುತ್ತೆ, ಜೋಡಿ ಸರಿ ಇದ್ರೂ ಒಬ್ರಿಗೊಬ್ರು ಸಿಗೋದೇ ಇಲ್ಲ. 31ರಲ್ಲಿ ಉಲ್ಟಾ, ಎತ್ತರದಲ್ಲಿ ಇರಬೇಕಾದ ಬೆಟ್ಟ ತಾನಾಗೇ ಕೆಳಗೆ ಕೂತಿದೆ, ಕೆಳಗೆ ಹರಿಯೋ ನೀರು ಮೇಲಿದೆ, ಅದಕ್ಕೇ ಎರಡೂ ಸೇರ್ತವೆ. ಗಂಡು ಹೆಣ್ಣಿಗಿಂತ ಕೆಳಗೆ ನಿಲ್ಲೋದು ಅಂತ ಹಳೇ ವ್ಯಾಖ್ಯಾನ ಇದನ್ನೇ ಹೇಳುತ್ತೆ. ಕ್ರಿಸ್ತಪೂರ್ವ 3ನೇ ಶತಮಾನದ ಚೀನೀ ಚಿಂತಕ ಶುನ್‌ಜಿ ಈ ಹೆಕ್ಸಾಗ್ರಾಮನ್ನ ವರ ತಾನೇ ಹೋಗಿ ವಧುವನ್ನ ಕರ್ಕೊಂಡು ಬರೋ ಪದ್ಧತಿಗೆ ಜೋಡಿಸಿದಾನೆ. ಆ ಕಾಲದ ಮದುವೆಲಿ ವರ ಹುಡುಗಿ ಮನೆಗೆ ಹೋಗಿ, ಅವಳ ಗಾಡಿನ ಸಾರಥಿ ಥರ ತಾನೇ ನಡೆಸಬೇಕು, ಚಕ್ರ ಮೂರು ಸುತ್ತು ಬರೋವರೆಗೆ, ಆಮೇಲೆ ಮುಂದೆ ಹೋಗಿ ತನ್ನ ಮನೆ ಬಾಗಿಲಲ್ಲಿ ಕಾಯಬೇಕು. ಹಾಗಾಗಿ ಹೊಸಬರ ಬಗ್ಗೆ 31 ಬಂದ್ರೆ ನಾನು ಮೊದಲು ನೋಡೋದು, ಬಲ ಜಾಸ್ತಿ ಇರೋರು (ದುಡ್ಡು, ವಯಸ್ಸು, ಮಾತು, ಯಾವುದರಲ್ಲೇ ಆಗ್ಲಿ) ಕೆಳಗಿಳಿದು ಬರ್ತಿದಾರಾ ಇಲ್ವಾ ಅಂತ. ಕೇಳ್ತಿರೋರು ಹೆಣ್ಣಾದ್ರೂ ಗಂಡಾದ್ರೂ ನಾನು ಹಾಗೇ ಓದೋದು, ಅದು ಕಾಣಿಸ್ತಿಲ್ಲ ಅಂದ್ರೆ "ಶುಭ" ಅನ್ನೋದಕ್ಕೆ ನಾನು ಭಾರ ಕೊಡಲ್ಲ.

ಇನ್ನು ಗೆರೆಗಳು. ಅವು ಮೈಯಲ್ಲಿ ಕೆಳಗಿಂದ ಮೇಲಕ್ಕೆ ಹತ್ತುತ್ವೆ: ಕಾಲಿನ ಹೆಬ್ಬೆರಳು, ಮೀನಖಂಡ, ತೊಡೆ, ಆಮೇಲೆ ಎದೆ (ನಾಲ್ಕನೇ ಗೆರೆಲಿ ಎದೆ ಅಂತ ಬರೆದಿಲ್ಲ, ಆದ್ರೆ ಜಾಗ ಅದೇ), ಬೆನ್ನಿನ ಮೇಲ್ಭಾಗ, ಕೊನೆಗೆ ದವಡೆ, ಕೆನ್ನೆ, ನಾಲಿಗೆ. ಆಕರ್ಷಣೆ ಈಗ ಎಲ್ಲಿವರೆಗೆ ಬಂದಿದೆ ಅಂತ ಇದು ಹೇಳುತ್ತೆ.

ಒಬ್ರು ಕೇಳಿದ್ದನ್ನೇ ತಗೊಳ್ತೀನಿ. ಆ್ಯಪಲ್ಲಿ ಪರಿಚಯ, ಹುಡುಗ ಪುಣೆಲಿ, ಇವರು ಬೆಂಗಳೂರಲ್ಲಿ, ಕೆಲವೇ ವಾರದಲ್ಲಿ ಇಲ್ಲಿ ಕೆಲಸ ಬಿಟ್ಟು ಅಲ್ಲಿಗೆ ಹೋಗೋ ಯೋಚನೆ. ಒಂದು ರೂಪಾಯಿ ಮೂರು ನಾಣ್ಯ ತಗೊಂಡು, ಸಿಂಹದ ಕಡೆಗೆ 3, ಇನ್ನೊಂದು ಕಡೆಗೆ 2 ಅಂತ ಮೊದಲೇ ಗೊತ್ತು ಮಾಡ್ಕೊಂಡು ಆರು ಸಲ ಹಾಕಿದಾರೆ. ಕೆಳಗಿಂದ ಬಂದಿದ್ದು 8, 6, 7, 7, 7, 8. ಎರಡನೇ ಸಲ ಮೂರಕ್ಕೆ ಮೂರೂ ಸಿಂಹ ಇಲ್ಲದ ಕಡೆ ಬಿದ್ದು 6 ಆಗಿದೆ, ಬೆಸ ಸಂಖ್ಯೆ ಬಂದ್ರೆ ಇಡೀ ಗೆರೆ, ಸಮ ಬಂದ್ರೆ ತುಂಡು ಗೆರೆ, 6 ಇಲ್ಲಾ 9 ಬಂದ್ರೆ ಆ ಗೆರೆ ಬದಲಾಗುತ್ತೆ, ತುಂಡು ಇದ್ದಿದ್ದು ಇಡೀ, ಇಡೀ ಇದ್ದಿದ್ದು ತುಂಡು. ಅಂದ್ರೆ 31, ಎರಡನೇ ಗೆರೆ.

ಎರಡನೇ ಗೆರೆ ಮೀನಖಂಡದ್ದು, ಮಾತು ಕಟುವಾಗೇ ಇದೆ: ಅಶುಭ, ಇದ್ದಲ್ಲೇ ಇದ್ರೆ ಶುಭ. ಮೀನಖಂಡ ತಾನಾಗಿ ಎಲ್ಲಿಗೂ ಹೋಗಲ್ಲ, ಪಾದ ಎಳೆದ ಕಡೆ ಹೋಗುತ್ತೆ. ಮನಸ್ಸು ಇನ್ನೂ ತೀರ್ಮಾನ ಮಾಡಿಲ್ಲ, ಕಾಲು ಆಗಲೇ ಹೊರಟಿದೆ. ಅವರನ್ನ ಕೇಳಿದೆ, "ಪುಣೆಗೆ ಬಾ ಅಂತ ಅವರು ಹೇಳಿದ್ರಾ?" ಇಲ್ಲ, ಇವರೇ ಮನೆ ಬಾಡಿಗೆ ನೋಡೋಕೆ ಶುರು ಮಾಡಿದ್ರು. ಅವರು ಒಂದು ಸಲನಾದ್ರೂ ಇಲ್ಲಿಗೆ ಬಂದ್ರಾ ಅಂದ್ರೆ ಅದೂ ಇಲ್ಲ. ಬೆಟ್ಟ ಕೆಳಗೆ ಬಂದಿಲ್ಲ ಅಂತ ಅಲ್ಲೇ ಗೊತ್ತಾಯ್ತು ನನಗೆ.

ಆ ಗೆರೆ ಬದಲಾದ್ರೆ ಸಿಗೋದು 28, ಸರೋವರದ ಕೆಳಗೆ ಮರ, ಮನೆಯ ತೊಲೆ ಭಾರಕ್ಕೆ ಬಗ್ಗಿರೋ ಚಿತ್ರ. ನಡುವೆ ನಾಲ್ಕು ಇಡೀ ಗೆರೆ, ಎರಡು ತುದಿಲೂ ತುಂಡು ಗೆರೆ, ನಡುವೆ ಭಾರ ಜಾಸ್ತಿ, ತುದಿಗಳಿಗೆ ಹೊರೋ ಶಕ್ತಿ ಇಲ್ಲ. ಈಗಲೇ ಹೋದ್ರೆ ಇನ್ನೂ ಎಳೇ ಸಂಬಂಧದ ಮೇಲೆ ಕೆಲಸ, ಊರು, ಬಾಡಿಗೆ ಎಲ್ಲಾ ಹೇರಿದಂಗೆ ಅಂತ ನಾನು ಓದಿದೆ. ಆ ಹುಡುಗ ಕೆಟ್ಟವನು ಅಂತ ಪುಸ್ತಕ ಎಲ್ಲೂ ಹೇಳಿಲ್ಲ, ದೂರ ಆಗಿ ಅಂತಲೂ ಇಲ್ಲ. ಅದಕ್ಕೆ ಅವರಿಗೆ ಹೇಳಿದ್ದು, ಕೆಲಸ ಬಿಡಬೇಡಿ, ಅವರನ್ನ ಇಲ್ಲಿಗೆ ಒಂದ್ಸಲ ಕರೀರಿ, ಬರ್ತಾರಾ ನೋಡಿ, ಬಂದ್ರೆ ಹೇಗೆ ಬರ್ತಾರೆ ಅದನ್ನೂ ನೋಡಿ.

ಬೇರೆ ಗೆರೆ ಬಂದಿದ್ರೆ ಮಾತೇ ಬೇರೆ. ಹೆಬ್ಬೆರಳು ಅಂದ್ರೆ ಬರೀ ಆಸೆ ಚಿಗುರಿದೆ, ಹೊರಗೆ ಇನ್ನೇನೂ ಕಾಣಲ್ಲ. ಆರನೇ ಗೆರೆ ಬಂದ್ರೆ ನಾನು ಹುಷಾರಾಗ್ತೀನಿ, ಯಾಕಂದ್ರೆ ಅದು ಬಾಯಿಮಾತಲ್ಲೇ ನಡೀತಿರೋ ಸಂಬಂಧ, ರಾತ್ರಿ ಎರಡು ಗಂಟೆವರೆಗೆ ಚಾಟ್, ಕೆಲಸ ಅಂತ ಬಂದಾಗ ಸೊನ್ನೆ. ನನಗೆ ಬಹಳ ಇಷ್ಟದ್ದು ನಾಲ್ಕನೇದು: ನೇರವಾಗಿದ್ರೆ ಶುಭ, ಪಶ್ಚಾತ್ತಾಪ ಇಲ್ಲ, ಆದ್ರೆ ಮನಸ್ಸು ಹೋಗೋದು ಬರೋದು ಅಂತ ಚಡಪಡಿಸ್ತಿದ್ರೆ ನಿನ್ನ ಯೋಚನೆಗೆ ಹೊಂದೋರು ಮಾತ್ರ ಹಿಂದೆ ಬರ್ತಾರೆ ಅನ್ನುತ್ತೆ. ಮೆಸೇಜ್ ಡಬಲ್ ಟಿಕ್ ನೋಡ್ತಾ ಕೂತು, ಅವರು ಹೀಗಂದ್ಕೊಂಡಿರಬಹುದು ಹಾಗಂದ್ಕೊಂಡಿರಬಹುದು ಅಂತ ಲೆಕ್ಕ ಹಾಕೋರಿಗೆ ಇದು ಬಂದಾಗ ನಾನು ಸ್ಪಷ್ಟವಾಗಿ ಹೇಳ್ತೀನಿ, ನೀವು ಮಾತಾಡ್ತಿರೋದು ಅವರ ಜೊತೆ ಅಲ್ಲ, ನಿಮ್ಮ ಯೋಚನೆ ಜೊತೆ, ಕೇಳಬೇಕಾಗಿದ್ದನ್ನ ಅವರನ್ನೇ ಕೇಳಿ.

ಯಾವ ಗೆರೆನೂ ಬದಲಾಗದೆ ಬರೀ 31 ಬಂದ್ರೆ ಮೇಲಿನ ಸಾಲು ಮತ್ತೆ ಚಿತ್ರದ ಸಾಲು ಸಾಕು. ಬೆಟ್ಟದ ಮೇಲೆ ಸರೋವರ ಇದೆ, ಉತ್ತಮನಾದವನು ತನ್ನನ್ನ ಖಾಲಿ ಇಟ್ಕೊಂಡು ಜನರನ್ನ ಬರಮಾಡ್ಕೊಳ್ತಾನೆ ಅಂತ ಅದು. ಸಂಬಳ ಇಷ್ಟಿರಬೇಕು, ಹೀಗೇ ಮಾತಾಡಬೇಕು ಅಂತ ಲಿಸ್ಟ್ ಹಿಡ್ಕೊಂಡು ಹೋದ್ರೆ ಎದುರಿಗಿರೋರು ಯಾರು ಅಂತ ಕಾಣೋದೇ ಇಲ್ಲ, ಮೊದಲ ಕೆಲವು ಭೇಟಿಲಿ ಆ ಲಿಸ್ಟ್ ಪಕ್ಕಕ್ಕಿಡಿ.

ಉತ್ತರ ಹಿಡಿಸಲಿಲ್ಲ ಅಂತ ಅವತ್ತೇ ಮತ್ತೆ ನಾಣ್ಯ ಹಾಕಬೇಡಿ. ಮೊದಲ ಸಲ ಕೇಳಿದ್ರೆ ಹೇಳ್ತೀನಿ, ಎರಡು ಮೂರು ಸಲ ಕೇಳಿದ್ರೆ ಹೇಳಲ್ಲ ಅಂತ 4ನೇ ಹೆಕ್ಸಾಗ್ರಾಮಲ್ಲಿ ನೇರವಾಗೇ ಬರೆದಿದೆ. ನಡುವೆ ಏನಾದ್ರೂ ಬದಲಾದ್ರೆ, ಅವರು ಬಂದು ಹೋದ್ರು, ಮನೆಲಿ ಮಾತಾಯ್ತು, ಹೀಗೇನಾದ್ರೂ ಆದ್ರೆ ಆಗ ಕೇಳಿ, ಆವಾಗ್ಲೂ "ಇವರೇನಾ" ಅಂತ ಬೇಡ, "ಈಗ ನಾನೇನು ಮಾಡ್ಲಿ" ಅಂತ ಕೇಳಿ.